ಹಳೆಯ ಫೋಟೋ ಹೊಸದಾಗಿಸುವ ಉಚಿತ ಆ್ಯಪ್‌: ಅಪ್‌ಲೋಡ್ ಆದ ಮೇಲೆ ನಿಮ್ಮ ಮನೆಯವರ ಫೋಟೋ ಏನಾಗುತ್ತದೆ?

"ನಿಮ್ಮ ಹಿರಿಯರ ಮಾಸಿದ ಫೋಟೋ ಇದೆಯಾ? ಈ ಲಿಂಕ್ ಒತ್ತಿ, ಹತ್ತೇ ಸೆಕೆಂಡಿನಲ್ಲಿ ಹೊಸದಾಗುತ್ತೆ. ಪೂರ್ತಿ ಉಚಿತ. ಎಲ್ಲರಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಸ್ವಲ್ಪ ದಿನ ಬಿಟ್ಟು ಇನ್ನೊಂದು ಬರುತ್ತದೆ: "ಆ ಆ್ಯಪ್‌ಗೆ ಫೋಟೋ ಹಾಕಬೇಡಿ, ಬ್ಯಾಂಕ್ ಖಾತೆ ಖಾಲಿಯಾಗುತ್ತೆ!!" ಎರಡನ್ನೂ ಒಬ್ಬರೇ ಕಳಿಸಿರುವುದನ್ನು ನಾವು ನೋಡಿದ್ದೇವೆ. ಮೊದಲನೆಯದು ಹೇಳಬೇಕಾದ ಮುಖ್ಯ ವಿಷಯವನ್ನೇ ಬಿಟ್ಟಿದೆ. ಎರಡನೆಯದು ಇಲ್ಲದ ಅಪಾಯವನ್ನು ತೋರಿಸಿ ಇರುವ ಅಪಾಯವನ್ನು ಮರೆಸುತ್ತದೆ.

ನಮ್ಮ ತಂಡದವರೊಬ್ಬರ ಮನೆಯಲ್ಲಿ ನಡೆದದ್ದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಜ್ಜನ ವರ್ಷದ ತಿಥಿಗೆ ದೊಡ್ಡ ಫ್ರೇಮ್ ಹಾಕಿಸಬೇಕಿತ್ತು. ಅಜ್ಜ ಇದ್ದದ್ದು 1984ರ ಒಂದು ಮದುವೆಯ ಗ್ರೂಪ್ ಫೋಟೋದಲ್ಲಿ ಮಾತ್ರ, ಅದೂ ಹಿಂದಿನ ಸಾಲಿನಲ್ಲಿ, ಹನ್ನೊಂದು ಜನರ ನಡುವೆ. ಮುಖ ಕಡಲೆಬೀಜದಷ್ಟು. ದೊಡ್ಡಪ್ಪ ಆ ಫೋಟೋವನ್ನು ಗೋಡೆಯ ಮೇಲಿದ್ದ ಹಾಗೆಯೇ ಮೊಬೈಲಿನಲ್ಲಿ ತೆಗೆದರು, ಗ್ರೂಪಿನಲ್ಲಿ ಬಂದಿದ್ದ ಲಿಂಕಿನಿಂದ ಆ್ಯಪ್ ಹಾಕಿಕೊಂಡರು, ಕೇಳಿದ್ದಕ್ಕೆಲ್ಲ `Allow` ಒತ್ತಿದರು. ಫೋಟೋ ಫಳಫಳ ಹೊಳೆಯುತ್ತ ಬಂತು. ಖುಷಿಯಾಗಿ ಮೊಮ್ಮಗಳ ಹುಟ್ಟುಹಬ್ಬದ ಫೋಟೋ ಹಾಕಿದರು, ಆಮೇಲೆ ಅವಳು ಯೂನಿಫಾರ್ಮಿನಲ್ಲಿ ಶಾಲೆಯ ಗೇಟಿನ ಮುಂದೆ ನಿಂತಿದ್ದ ಫೋಟೋ. ಸಂಜೆಯ ಹೊತ್ತಿಗೆ ಹದಿನಾರು ಫೋಟೋ ಆಗಿತ್ತು. ಯಾರೋ ಬೈದರೆಂದು ರಾತ್ರಿ ಆ್ಯಪ್ ಅಳಿಸಿದರು. "ಅಳಿಸಿದೆನಲ್ಲ, ಇನ್ನೇನು ಭಯ?" ಎಂದು ಅವರು ಕೇಳಿದ್ದಕ್ಕೆ ಉತ್ತರ ಹುಡುಕಲು ಹೊರಟಾಗ ಈ ಬರಹ ಹುಟ್ಟಿತು.

ಫೋಟೋ ಎಲ್ಲಿಗೆ ಹೋಗುತ್ತದೆ?

ಬೆಳಕು ಹೆಚ್ಚಿಸುವುದು, ಬಣ್ಣ ತಿದ್ದುವುದು, ಕತ್ತರಿಸುವುದು ಇವನ್ನೆಲ್ಲ ಮೊಬೈಲ್ ತಾನೇ ಮಾಡಬಲ್ಲದು. ಆದರೆ ಮಸುಕಾದ ಮುಖವನ್ನು ಸ್ಪಷ್ಟ ಮಾಡುವುದು ಭಾರೀ ಲೆಕ್ಕಾಚಾರದ ಕೆಲಸ. ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಒಂದು ಪ್ರೋಗ್ರಾಮ್, ಮಾದರಿ ಅನ್ನೋಣ, ಇದನ್ನು ಮಾಡುತ್ತದೆ. ಅದು ಸಾಮಾನ್ಯವಾಗಿ ಕಂಪನಿ ಬಾಡಿಗೆಗೆ ಪಡೆದ ದೊಡ್ಡ ಕಂಪ್ಯೂಟರುಗಳಲ್ಲಿ, ಅಂದರೆ ಸರ್ವರಿನಲ್ಲಿ ಇರುತ್ತದೆ. ನೀವು `Enhance` ಒತ್ತಿದಾಗ ಫೋಟೋದ ಪ್ರತಿ ಅಲ್ಲಿಗೆ ಹೋಗಿ, ತಿದ್ದಿಸಿಕೊಂಡು ಹಿಂದಕ್ಕೆ ಬರುತ್ತದೆ. ಪರದೆಯ ಮೇಲೆ ಸುತ್ತುವ ಚಕ್ರ ಕಾಣುವ ಆ ಹತ್ತು ಸೆಕೆಂಡಿನಲ್ಲಿ ನಡೆಯುವುದು ಇದು. ಆ ಸರ್ವರುಗಳ ಬಾಡಿಗೆಯನ್ನು ಯಾರಾದರೂ ಕಟ್ಟಲೇಬೇಕು. ಜಾಹೀರಾತು ಕಟ್ಟಬಹುದು, ದುಡ್ಡು ಕೊಡುವ ಬಳಕೆದಾರರು ಕಟ್ಟಬಹುದು. ಕೆಲವೊಮ್ಮೆ ಫೋಟೋಗಳೇ ಕಟ್ಟುತ್ತವೆ.

ನಿಮ್ಮ ಬಳಿ ಇರುವ ಆ್ಯಪ್ ಹೀಗೆ ಹೊರಗೆ ಕಳಿಸುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿಕೊಳ್ಳಿ. ಯಾರ ಮುಖವೂ ಇಲ್ಲದ ಒಂದು ಫೋಟೋ, ಅಂಗಳದ ದಾಸವಾಳವೋ ಅಡುಗೆಮನೆಯ ಪಾತ್ರೆಯೋ, ಆಯ್ದುಕೊಂಡು `Enhance` ಒತ್ತಿ. ಇಂಟರ್‌ನೆಟ್ ಇಲ್ಲ ಎಂದು ಆ್ಯಪ್ ನಿಂತುಬಿಟ್ಟರೆ ಕೆಲಸ ಬಹುತೇಕ ಸರ್ವರಿನಲ್ಲೇ ನಡೆಯುತ್ತದೆ. ಕೆಲಸ ಮುಗಿಸಿಕೊಟ್ಟರೆ ಮೊಬೈಲಿನಲ್ಲೇ ನಡೆಯುತ್ತದೆ. ಈ ಪರೀಕ್ಷೆಗೆ ಮಿತಿಗಳಿವೆ. ಬರೀ ಜಾಹೀರಾತು ತೋರಿಸಲಿಕ್ಕಾಗಿ ಇಂಟರ್‌ನೆಟ್ ಕೇಳುವ ಆ್ಯಪ್‌ಗಳೂ ಇವೆ. ಈಗ ಮೊಬೈಲಿನಲ್ಲೇ ತಿದ್ದಿ, ನೆಟ್ ಬಂದ ಮೇಲೆ ಪ್ರತಿಯನ್ನು ಕಳಿಸುವ ಆ್ಯಪ್‌ ಇರಲಾರದು ಎಂದೂ ಹೇಳಲಾಗದು. ಆದರೂ "ಎಲ್ಲ ನಿಮ್ಮ ಫೋನಿನಲ್ಲೇ" ಎಂಬ ಮಾತು ಸುಳ್ಳಾಗಿದ್ದರೆ ಹಿಡಿಯಲು ಇದಕ್ಕಿಂತ ಸುಲಭದ ದಾರಿ ನಮಗೆ ಗೊತ್ತಿಲ್ಲ.

ಪ್ಲೇ ಸ್ಟೋರಿನಲ್ಲಿ ಆ್ಯಪ್‌ನ ಪುಟದ ಕೆಳಗೆ `Data safety` ಎಂಬ ಭಾಗ ಇರುತ್ತದೆ. ಅದನ್ನು ನೋಡುವುದು ಒಳ್ಳೆಯದೇ, ಆದರೆ ಅದು ಗೂಗಲ್ ಕೊಟ್ಟ ಪ್ರಮಾಣಪತ್ರ ಅಲ್ಲ. ಆ್ಯಪ್ ಮಾಡಿದವರೇ ತುಂಬಿದ ಅರ್ಜಿ. ಅದರ ನಿಯಮದಲ್ಲಿ ಒಂದು ಸಂದು ಕೂಡ ಇದೆ. ಸರ್ವರಿಗೆ ಹೋದ ಮಾಹಿತಿಯನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟುಕೊಂಡು ಕೆಲಸ ಮುಗಿದ ಕೂಡಲೇ ಬಿಟ್ಟುಬಿಟ್ಟರೆ, ಅದನ್ನು ಅಲ್ಲಿ "ಸಂಗ್ರಹ" ಎಂದು ತೋರಿಸಬೇಕಾಗಿಲ್ಲ. ಹಾಗಾಗಿ `No data collected` ಎಂದಿದ್ದರೂ ಫೋಟೋ ಹೊರಗೆ ಹೋಗಿಲ್ಲ ಎಂದು ತಿಳಿಯಬೇಡಿ.

ಆ್ಯಪ್ ಅಳಿಸಿದರೆ ಫೋಟೋ ಅಳಿಯುತ್ತದೆಯೇ?

ಇಲ್ಲ. ದೊಡ್ಡಪ್ಪ ಅಳಿಸಿದ್ದು ತಮ್ಮ ಮೊಬೈಲಿನಲ್ಲಿದ್ದ ಆ್ಯಪ್ಪನ್ನು. ಸ್ಟುಡಿಯೋಗೆ ನೆಗೆಟಿವ್ ಕೊಟ್ಟು ಬಂದು, ಮನೆಯಲ್ಲಿ ಸ್ಟುಡಿಯೋದ ರಸೀದಿ ಹರಿದು ಹಾಕಿದಂತೆ ಇದು. ಸರ್ವರಿಗೆ ಹೋದ ಹದಿನಾರು ಪ್ರತಿಗಳು ಕಂಪನಿಯ ನಿಯಮ ಹೇಳುವಷ್ಟು ದಿನ ಅಲ್ಲಿರುತ್ತವೆ. ಕೆಲವು ಕಂಪನಿಗಳು ಗಂಟೆಗಳ ಲೆಕ್ಕದಲ್ಲಿ ಅಳಿಸುತ್ತೇವೆ ಎನ್ನುತ್ತವೆ, ಕೆಲವು "ಅಗತ್ಯ ಇರುವವರೆಗೆ" ಎನ್ನುತ್ತವೆ. ಅಗತ್ಯ ಯಾರದು ಎಂದು ಬರೆದಿರುವುದಿಲ್ಲ.

ಇದರಲ್ಲಿ ಎಲ್ಲಿಯವರೆಗೆ ಎಡವಟ್ಟಾಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಇದೆ. ಎವರ್‌ಆಲ್ಬಮ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿಗೆ "ಎವರ್" ಎಂಬ ಆ್ಯಪ್ ಇತ್ತು. ಅದು ಫೋಟೋ ತಿದ್ದುವ ಆ್ಯಪ್ ಅಲ್ಲ, ಫೋಟೋ ಇಟ್ಟುಕೊಳ್ಳುವ ಆ್ಯಪ್. ಆದರೆ ಕಥೆ ಇಲ್ಲಿಗೂ ಹೊಂದುತ್ತದೆ. ಮನೆಮಂದಿಯ ಫೋಟೋ ಭದ್ರವಾಗಿರಲಿ ಎಂದು ಜನ ಅದರಲ್ಲಿ ಹಾಕಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪದ ಪ್ರಕಾರ, 2017ರ ಸೆಪ್ಟೆಂಬರಿನಿಂದ 2019ರ ಆಗಸ್ಟಿನವರೆಗೆ ಕಂಪನಿ ಆ ಫೋಟೋಗಳಿಂದ ಲಕ್ಷಗಟ್ಟಲೆ ಮುಖಗಳನ್ನು ಕತ್ತರಿಸಿ ತೆಗೆದು, ಮುಖ ಗುರುತಿಸುವ ತಂತ್ರಜ್ಞಾನಕ್ಕೆ ಪಾಠ ಹೇಳಿಸಲು ಬಳಸಿತು. ಖಾತೆ ಮುಚ್ಚಿದರೆ ಫೋಟೋ ಅಳಿಸುತ್ತೇವೆ ಎಂದು ಹೇಳಿದ್ದರೂ, ಕನಿಷ್ಠ 2019ರ ಅಕ್ಟೋಬರಿನವರೆಗೆ ಖಾತೆ ಮುಚ್ಚಿದವರ ಫೋಟೋಗಳನ್ನೂ ಇಟ್ಟುಕೊಂಡಿತ್ತು.

2021ರಲ್ಲಿ ಆದ ಒಪ್ಪಂದದಲ್ಲಿ ಕಮಿಷನ್ ಖಾತೆ ಮುಚ್ಚಿದವರ ಫೋಟೋ ಅಳಿಸಿ ಎಂದಷ್ಟಕ್ಕೇ ಬಿಡಲಿಲ್ಲ. ಆ ಫೋಟೋಗಳಿಂದ ಕಲಿತು ತಯಾರಾದ ಮಾದರಿಗಳನ್ನೂ ಅಳಿಸಿ ಎಂದಿತು. ಯಾಕೆಂದರೆ ಅಳಿಸುವ ಕೆಲಸಕ್ಕೆ ಎರಡು ಪದರ ಇದೆ. ಒಂದು ನಿಮ್ಮ ಫೋಟೋದ ಪ್ರತಿ. ಇನ್ನೊಂದು ಆ ಫೋಟೋದಿಂದ ಯಂತ್ರ ಕಲಿತ ಪಾಠ. ಪ್ರತಿಯನ್ನು ಹರಿದು ಹಾಕಿದರೂ ಪಾಠ ಹಾಗೆಯೇ ಉಳಿಯುತ್ತದೆ. ಎವರ್ ಪ್ರಕರಣದಲ್ಲಿ ಸರ್ಕಾರಿ ಸಂಸ್ಥೆ ಒತ್ತಾಯಿಸಿದ್ದರಿಂದ ಪಾಠವೂ ಹೋಯಿತು. ನೀವು, ನಾವು ಒಂದು ಇಮೇಲ್ ಬರೆದು ಅದನ್ನು ಮಾಡಿಸಲು ಆಗುವುದಿಲ್ಲ.

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮೊಬೈಲ್ ನಂಬರ್ ಕೂಡ ಬದಲಿಸಬಹುದು. ಎಂಟು ವರ್ಷದ ಆ ಮೊಮ್ಮಗಳು ತನ್ನ ಮುಖ ಬದಲಿಸಲಾರಳು, ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. 1984ರ ಫೋಟೋದಲ್ಲಿದ್ದ ಹನ್ನೊಂದು ಜನರಲ್ಲಿ ಈಗಲೂ ಇರುವ ಆರು ಮಂದಿಯನ್ನೂ ಕೇಳಿರಲಿಲ್ಲ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಆದರೆ ಮನೆಬಳಕೆಗೆಂದು ವ್ಯಕ್ತಿಯೊಬ್ಬರು ಮಾಡುವ ಕೆಲಸಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ದೊಡ್ಡಪ್ಪನ ಕೈಯನ್ನು ಕಾನೂನು ತಡೆಯದು, ಮಗುವಿನ ಅಪ್ಪ ಅಮ್ಮನೇ ತಡೆಯಬೇಕು.

ಒಂದು ಫೋಟೋ ಬೇರೆ, ಇಡೀ ಗ್ಯಾಲರಿ ಬೇರೆ

ನಮ್ಮ ಅಭಿಪ್ರಾಯದಲ್ಲಿ ದೊಡ್ಡಪ್ಪ ಮಾಡಿದ ದೊಡ್ಡ ತಪ್ಪು ಅಜ್ಜನ ಫೋಟೋ ಕಳಿಸಿದ್ದಲ್ಲ, ಮೊದಲು ಬಂದ ಪ್ರಶ್ನೆಗೆ ಕಣ್ಣುಮುಚ್ಚಿ `Allow all` ಒತ್ತಿದ್ದು. ಅವರಿಗೆ ಬೇಕಿದ್ದದ್ದು ಒಂದು ಫೋಟೋ ತಿದ್ದುವುದು. ಅವರು ಕೊಟ್ಟ ಅನುಮತಿ ಮಾತ್ರ ಗ್ಯಾಲರಿಯಲ್ಲಿದ್ದ ಅಷ್ಟನ್ನೂ ಓದಲು. ಅಷ್ಟರಲ್ಲಿ ಆಧಾರ್ ಕಾರ್ಡಿನ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟ, ಡಾಕ್ಟರ ಚೀಟಿ, ಗ್ರೂಪುಗಳಿಂದ ತಾನಾಗಿ ಇಳಿದ ನೆಂಟರ ಮಕ್ಕಳ ಫೋಟೋ ಎಲ್ಲ ಸೇರಿದ್ದವು.

ಗ್ಯಾಲರಿಯ ಅನುಮತಿ ಏನೆಲ್ಲ ಮಾಡಿಸಬಲ್ಲದು ಎಂದು ನಮ್ಮ ದೇಶ ತತ್‌ಕ್ಷಣ ಸಾಲದ ಆ್ಯಪ್‌ಗಳಿಂದ ಕಲಿತಿದೆ. ಸಾಲ ಪಡೆಯುವಾಗ ಗ್ಯಾಲರಿಗೂ ಕಾಂಟ್ಯಾಕ್ಟ್‌ಗಳಿಗೂ ಅನುಮತಿ ಕೊಟ್ಟವರ ಫೋಟೋವನ್ನು ಅಶ್ಲೀಲವಾಗಿ ತಿರುಚಿ, ಅವರದೇ ನೆಂಟರಿಗೆ ಕಳಿಸಿ ಬೆದರಿಸಿದ ಪ್ರಕರಣಗಳು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ದಾಖಲಾದವು. ಇಂಥ ದೂರುಗಳ ನಂತರ 2023ರಲ್ಲಿ ಗೂಗಲ್, ಸಾಲದ ಆ್ಯಪ್‌ಗಳು ಬಳಕೆದಾರರ ಫೋಟೋ ಮತ್ತು ಕಾಂಟ್ಯಾಕ್ಟ್‌ಗಳನ್ನು ಮುಟ್ಟುವಂತಿಲ್ಲ ಎಂದು ಪ್ಲೇ ಸ್ಟೋರಿನ ನಿಯಮ ಬದಲಿಸಿತು. ಫೋಟೋ ತಿದ್ದುವ ಆ್ಯಪ್‌ಗೆ ಅಂಥ ನಿಷೇಧ ಹಾಕುವುದು ಕಷ್ಟ, ಅದರ ಕೆಲಸವೇ ಫೋಟೋ. ಎಲ್ಲ ಆ್ಯಪ್‌ಗಳೂ ಹಾಗೆ ಮಾಡುತ್ತವೆ ಎಂದು ನಾವು ಹೇಳುತ್ತಿಲ್ಲ. 2019ರಲ್ಲಿ ಮುಖವನ್ನು ಮುದಿಯಾಗಿಸುವ ಫೇಸ್‌ಆ್ಯಪ್ ಜನಪ್ರಿಯವಾದಾಗ, ಅದು ಇಡೀ ಗ್ಯಾಲರಿಯನ್ನು ಕದಿಯುತ್ತಿದೆ ಎಂಬ ಸುದ್ದಿ ಹಬ್ಬಿತ್ತು. ಭದ್ರತಾ ತಜ್ಞರು ಪರಿಶೀಲಿಸಿದಾಗ ಅದಕ್ಕೆ ಪುರಾವೆ ಸಿಗಲಿಲ್ಲ. ಬಳಕೆದಾರರು ಆಯ್ದ ಫೋಟೋ ಮಾತ್ರ ಸರ್ವರಿಗೆ ಹೋಗುತ್ತದೆ, ಹೆಚ್ಚಿನವನ್ನು 48 ಗಂಟೆಯೊಳಗೆ ಅಳಿಸುತ್ತೇವೆ ಎಂದು ಕಂಪನಿಯೂ ಹೇಳಿತು. ಆದರೆ ಆ ಗಲಾಟೆಯಲ್ಲೇ ಜನರ ಗಮನಕ್ಕೆ ಬಂದ ಇನ್ನೊಂದು ವಿಷಯ, ಆಗಿನ ಷರತ್ತುಗಳು ಬಳಕೆದಾರರ ಚಿತ್ರಗಳ ಮೇಲೆ ಕಂಪನಿಗೆ ಶಾಶ್ವತವಾದ, ಹಿಂಪಡೆಯಲಾಗದ ಬಳಕೆಯ ಹಕ್ಕು ಕೊಡುತ್ತಿದ್ದವು ಎಂಬುದು. ವದಂತಿ ಸುಳ್ಳಾಗಿತ್ತು, ಷರತ್ತು ನಿಜವಾಗಿತ್ತು.

ಅನುಮತಿಯ ಸಮಸ್ಯೆಗೆ ಪರಿಹಾರ ಮೊಬೈಲಿನಲ್ಲೇ ಇದೆ. ಆಂಡ್ರಾಯ್ಡ್ 14 ಅಥವಾ ಅದರ ನಂತರದ ಫೋನಿನಲ್ಲಿ ಆ್ಯಪ್ ಫೋಟೋ ಕೇಳಿದಾಗ `Select photos and videos` ಎಂಬ ಆಯ್ಕೆಯೂ ಬರುತ್ತದೆ. ಐಫೋನಿನಲ್ಲೂ ಆಯ್ದ ಫೋಟೋಗಳಿಗಷ್ಟೇ ಅನುಮತಿ ಕೊಡುವ ಆಯ್ಕೆ ಇದೆ. ಅದನ್ನು ಒತ್ತಿ ಒಂದೇ ಫೋಟೋ ತೋರಿಸಿದರೆ ಉಳಿದ ಗ್ಯಾಲರಿ ಆ ಆ್ಯಪ್‌ನ ಕಣ್ಣಿಗೆ ಬೀಳುವುದಿಲ್ಲ. ಈ ಮೊದಲೇ ಪೂರ್ತಿ ಅನುಮತಿ ಕೊಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು `Permissions` ಒಳಗೆ ಬದಲಿಸಬಹುದು. ಫೋಟೋ ತಿದ್ದುವ ಆ್ಯಪ್ ಕಾಂಟ್ಯಾಕ್ಟ್, ಮೆಸೇಜು, ಲೊಕೇಶನ್ ಕೇಳಿದರೆ ಅದಕ್ಕೆ ಅವು ಯಾಕೆ ಬೇಕು? ಅಲ್ಲೇ ಬಿಟ್ಟು ಹೊರಗೆ ಬನ್ನಿ.

ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

ಒಂದು ಮುಖದ ಫೋಟೋ ಸಿಕ್ಕಿತೆಂದು ಯಾರೂ ನಿಮ್ಮ ಖಾತೆಯಿಂದ ದುಡ್ಡು ತೆಗೆಯಲಾರರು. ಬರೀ ಫೋಟೋ ತೋರಿಸಿ ಯುಪಿಐ ಪಾವತಿ ಮಾಡಲಾಗುವುದಿಲ್ಲ. ಆಧಾರ್ ಮುಖ ಪರಿಶೀಲನೆಯೂ ಕ್ಯಾಮೆರಾ ಮುಂದೆ ಜೀವಂತ ವ್ಯಕ್ತಿ ಇದ್ದಾರೆಯೇ ಎಂದು ನೋಡುತ್ತದೆ. ದುಡ್ಡು ಹೋಗುವ ದಾರಿ ಬೇರೆ: ಪ್ಲೇ ಸ್ಟೋರ್ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಬಂದ `.apk` ಫೈಲ್ ಹಾಕಿಕೊಂಡಾಗ. ಹೊರಗೆ "ಫೋಟೋ ಎಚ್‌ಡಿ" ಎಂಬ ಹೆಸರಿದ್ದು, ಒಳಗೆ ಎಸ್‌ಎಂಎಸ್ ಓದಿ ಒಟಿಪಿ ಕದಿಯುವ ಪ್ರೋಗ್ರಾಮ್ ಇರಬಹುದು. ದೊಡ್ಡಪ್ಪನ ಲಿಂಕ್ ಪುಣ್ಯಕ್ಕೆ ಪ್ಲೇ ಸ್ಟೋರಿಗೇ ಹೋಗಿತ್ತು. ಲಿಂಕ್ ಒತ್ತಿದಾಗ ನೇರ ಡೌನ್‌ಲೋಡ್ ಶುರುವಾದರೆ, ಅಥವಾ ಫೋನ್ `Install unknown apps` ಎಂದು ಎಚ್ಚರಿಸಿದರೆ ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ಅಜ್ಜನ ಫೋಟೋ ಮಾಡಿಸುವುದು ಹೇಗೆ?

ಮೊದಲು ಒಂದು ವಿಷಯ. ಆ ಫಳಫಳ ಫೋಟೋ ನೋಡಿದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರು ಅವರಲ್ಲ ಕಣೋ" ಎಂದರಂತೆ. ಅವರು ಹೇಳಿದ್ದು ಸರಿಯೇ. ಕಡಲೆಬೀಜದಷ್ಟು ಮುಖದಲ್ಲಿ ಹುಬ್ಬಿನ ಕೂದಲು, ಕಣ್ಣಿನ ಹೊಳಪು, ಕೆನ್ನೆಯ ಗುಳಿ ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ಆ ಪ್ರೋಗ್ರಾಮ್ ತಾನು ಕಲಿತ ಬೇರೆಯವರ ಮುಖಗಳಿಂದ ಊಹಿಸಿ ತುಂಬುತ್ತದೆ. ಸ್ಪಷ್ಟವಾಗಿ ಕಾಣುವ ಆ ಮುಖ ಅರ್ಧ ಅಜ್ಜನದು, ಅರ್ಧ ಯಾರದೋ. ಮುಖ ಚಿಕ್ಕದಿದ್ದಷ್ಟೂ ಊಹೆಯ ಪಾಲು ಹೆಚ್ಚು.

ಆದ್ದರಿಂದ ಒಳ್ಳೆಯ ಫಲಿತಾಂಶಕ್ಕೂ ಸುರಕ್ಷತೆಗೂ ದಾರಿ ಒಂದೇ, ಮೂಲ ಚಿತ್ರವನ್ನೇ ಚೆನ್ನಾಗಿ ತೆಗೆಯುವುದು. ಎರಡನೆಯ ಸಲ ಆ ಮನೆಯವರು ಫೋಟೋವನ್ನು ಫ್ರೇಮಿನಿಂದ ಹೊರತೆಗೆದರು. ಗಾಜಿನ ಮೇಲಿನ ಟ್ಯೂಬ್‌ಲೈಟಿನ ಪ್ರತಿಫಲನವೇ ಅರ್ಧ ಮಸುಕಿಗೆ ಕಾರಣವಾಗಿತ್ತು. ಜೆರಾಕ್ಸ್ ಅಂಗಡಿಯ ಸ್ಕ್ಯಾನರಿನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ತಮ್ಮ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಅಂಗಡಿಯ ಕಂಪ್ಯೂಟರಿನಿಂದ ಅಳಿಸಿಸಿದರು. ಮುಖದ ಭಾಗ ಕತ್ತರಿಸಿ, ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಗೀರು ಮತ್ತು ಕಲೆಗಳನ್ನು `Healing` ಉಪಕರಣದಿಂದ ಒರೆಸಿ, `Details` ಸ್ವಲ್ಪ ಹೆಚ್ಚಿಸಿದರು. ಇದು ಏರ್‌ಪ್ಲೇನ್ ಮೋಡ್‌ನಲ್ಲೇ ನಡೆಯಿತು. ಇದರಿಂದ ಮುಖ ಸಿನಿಮಾ ಪೋಸ್ಟರಿನಂತೆ ಆಗಲಿಲ್ಲ, ಆದರೆ ಅಜ್ಜನಂತೆ ಇತ್ತು. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಅಪ್‌ಸ್ಕೇಲ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ (ಹುಡುಕುವಾಗ ಕಾಗುಣಿತ `Upscayl`). ಅದು ಇಂಟರ್‌ನೆಟ್ ಇಲ್ಲದೆಯೇ ಚಿತ್ರವನ್ನು ಹಿಗ್ಗಿಸುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಬೇಕು, ಹಳೆಯ ಲ್ಯಾಪ್‌ಟಾಪಿನಲ್ಲಿ ಓಡದಿರಬಹುದು.

ಸ್ಟುಡಿಯೋದವರಿಗೆ ಕೊಡುವುದೂ ಒಳ್ಳೆಯದೇ. ಅವರು ನಿಮ್ಮ ಫೋಟೋವನ್ನು ಅದೇ ಉಚಿತ ವೆಬ್‌ಸೈಟಿಗೆ ಹಾಕಿ ತಿದ್ದಿ ಕೊಡುತ್ತಾರೆಯೇ ಎಂದು ಮಾತ್ರ ಒಂದು ಮಾತು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಷ್ಟಾದರೂ ಆನ್‌ಲೈನ್ ಆ್ಯಪ್ಪೇ ಬೇಕು ಎನಿಸಿದರೆ ಇಡೀ ಗ್ರೂಪ್ ಫೋಟೋ ಕಳಿಸಬೇಡಿ. ಬೇಕಾದ ಮುಖದ ಸುತ್ತ ಕತ್ತರಿಸಿ, ಆ ತುಂಡಿನ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಮೊಬೈಲಿನಲ್ಲಿ ತೆಗೆದ ಫೋಟೋದ ಒಳಗೆ ಅದನ್ನು ತೆಗೆದ ಜಾಗ ಮತ್ತು ಸಮಯ ದಾಖಲಾಗಿರಬಹುದು. ದೊಡ್ಡಪ್ಪ ಗೋಡೆಯ ಫೋಟೋ ತೆಗೆದಾಗ ಅದರಲ್ಲಿ ಸೇರಿದ್ದು ಈಗಿನ ಮನೆಯ ಜಾಗ. ಸ್ಕ್ರೀನ್‌ಶಾಟಿನಲ್ಲಿ ಆ ಜಾಗ ಇರುವುದಿಲ್ಲ. ಕಳಿಸುವ ಮೊದಲು ಆ್ಯಪ್‌ನ ಗೌಪ್ಯತಾ ಪುಟ ತೆರೆದು ಬ್ರೌಸರಿನ ಹುಡುಕು ಪೆಟ್ಟಿಗೆಯಲ್ಲಿ `retain`, `train`, `license` ಎಂಬ ಮೂರು ಪದ ಹುಡುಕಿ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಂತ್ರಕ್ಕೆ ಕಲಿಸಲು ಬಳಸುತ್ತಾರೆಯೇ, ಯಾವ ಹಕ್ಕು ಬರೆಸಿಕೊಳ್ಳುತ್ತಾರೆ ಎಂಬುದು ಆ ಪದಗಳ ಆಸುಪಾಸಿನ ಸಾಲುಗಳಲ್ಲೇ ಸಾಮಾನ್ಯವಾಗಿ ಇರುತ್ತದೆ. ಮಕ್ಕಳ ಫೋಟೋ, ಮನೆಯ ಹೆಣ್ಣುಮಕ್ಕಳ ಖಾಸಗಿ ಫೋಟೋ ಇದ್ದರೆ ಇಷ್ಟು ಎಚ್ಚರ ವಹಿಸಿದರೂ ಕಳಿಸದಿರುವುದೇ ಲೇಸು ಎಂಬುದು ನಮ್ಮ ಮತ.

ಈಗಾಗಲೇ ಕಳಿಸಿಬಿಟ್ಟಿದ್ದರೆ?

ಆ್ಯಪ್ ಇನ್ನೂ ಇದ್ದರೆ ಅವಸರದಲ್ಲಿ ಅಳಿಸಬೇಡಿ. ಮೊದಲು ಅದರೊಳಗೆ `Delete account` ಅಥವಾ `Delete my data` ಹುಡುಕಿ ಒತ್ತಿ, ಆಮೇಲೆ ಆ್ಯಪ್ ಅಳಿಸಿ. ಕ್ರಮ ತಪ್ಪಿದರೆ ಖಾತೆ ನಿಮ್ಮದೇ ಎಂದು ತೋರಿಸಲು ಮತ್ತೆ ಹಾಕಿಕೊಂಡು ಒಳಗೆ ಹೋಗಬೇಕಾಗುತ್ತದೆ. ದೊಡ್ಡಪ್ಪ ಹಾಗೆಯೇ ಮಾಡಬೇಕಾಯಿತು. ಖಾತೆಯೇ ಇಲ್ಲದ ಆ್ಯಪ್ ಆದರೆ ಗೌಪ್ಯತಾ ಪುಟದಲ್ಲಿರುವ ಇಮೇಲ್‌ಗೆ, ಯಾವ ದಿನ ಎಷ್ಟು ಫೋಟೋ ಹಾಕಿದಿರಿ ಎಂದು ತಿಳಿಸಿ ಅಳಿಸಲು ಕೇಳಿ. ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಿದ್ದರೆ ಆ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಸಂಪರ್ಕ ಕಡಿಯಿರಿ. ವಾರದ ಚಂದಾ ಏನಾದರೂ ಶುರುವಾಗಿದೆಯೇ ಎಂದು ಪ್ಲೇ ಸ್ಟೋರಿನ `Subscriptions` ಕೂಡ ನೋಡಿ. ಮೂರು ದಿನ ಉಚಿತ, ಆಮೇಲೆ ದುಡ್ಡು ಎಂಬ ಆ್ಯಪ್‌ಗಳಲ್ಲಿ, ಆ್ಯಪ್ ಅಳಿಸಿದರೂ ಚಂದಾ ನಿಲ್ಲುವುದಿಲ್ಲ.

ತಿರುಚಿದ ಫೋಟೋ ಬಂದು ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡಿ, ಸಂದೇಶ ಅಳಿಸಬೇಡಿ. ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು `cybercrime.gov.in` ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಖಾಸಗಿ ಚಿತ್ರ ಹರಡುವ ಭಯ ಇರುವ ವಯಸ್ಕರಿಗೆ `StopNCII.org` ನೆರವಾಗಬಹುದು. ಅದು ಫೋಟೋವನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರದಿಂದ ಒಂದು ಸಂಕೇತ ಸಂಖ್ಯೆ ತಯಾರಿಸಿ ಅದನ್ನಷ್ಟೇ ಕಳಿಸುತ್ತದೆ. ಅದರೊಂದಿಗೆ ಕೈಜೋಡಿಸಿರುವ ಸಾಮಾಜಿಕ ಜಾಲತಾಣಗಳು ಅದೇ ಸಂಕೇತದ ಚಿತ್ರ ಬಂದರೆ ತಡೆಯುತ್ತವೆ. 18 ವರ್ಷದೊಳಗಿನವರ ಚಿತ್ರಕ್ಕೆ ಇದೇ ರೀತಿ ಕೆಲಸ ಮಾಡುವ ಸೇವೆಯ ಹೆಸರು `Take It Down`.